ಕೋಲ್ಡ್ ಕಾಲ್‌ನಲ್ಲಿ ಏನು ಮಾತಾಡೋದು, ಶೀಟ್‌ನಲ್ಲಿ ಏನು ಬರೆಯೋದು?

ಪ್ರಶ್ನೆ: ಬೆಂಗಳೂರಲ್ಲಿ ಸೇಲ್ಸ್ ಇಂಟರ್ನ್ ಆಗಿ ಸೇರಿದ್ದೀನಿ. ಅಂಗಡಿಗಳಿಗೆ ಫೋನ್ ಮಾಡಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಬೇಕು. ಸ್ಕ್ರಿಪ್ಟ್ ಹೇಗಿರಬೇಕು? ಲೀಡ್‌ಗಳನ್ನ ಗೂಗಲ್ ಶೀಟ್‌ನಲ್ಲಿ ಹೇಗೆ ಇಟ್ಕೊಳ್ಳೋದು?

ಉತ್ತರ: ಮೊದಲು ಯಾವ ನಂಬರ್‌ನಿಂದ ಫೋನ್ ಮಾಡ್ಬೇಕು ಅಂತ ಮ್ಯಾನೇಜರ್‌ನ ಕೇಳಿ. ಟ್ರಾಯ್ ನಿಯಮದ ಪ್ರಕಾರ ಪ್ರಚಾರದ ಕರೆಗಳು ನೋಂದಾಯಿತ 140 ಸರಣಿಯಿಂದ ಹೋಗಬೇಕು. ನಿಮ್ಮ ಸ್ವಂತ ಸಿಮ್‌ನಿಂದ ಮಾಡಿದಾಗ ಯಾರಾದರೂ 1909ಕ್ಕೆ ದೂರು ಕೊಟ್ಟರೆ ತೊಂದರೆ ನಿಮ್ಮ ನಂಬರ್‌ಗೇ.

ಸ್ಕ್ರಿಪ್ಟ್ ಅಂದರೆ ಓದೋ ಭಾಷಣ ಅಲ್ಲ, ಅಂಗಡಿಯವರ ಬಾಯಿ ಬಿಡಿಸೋ ಒಂದು ಪ್ರಶ್ನೆ. ಹಾರ್ಡ್‌ವೇರ್ ಅಂಗಡಿಗಾದರೆ ಹೀಗೆ: "ನಮಸ್ಕಾರ ಸರ್, ಇಂಥ ಕಂಪನಿಯಿಂದ ಮಾತಾಡ್ತಿದ್ದೀನಿ, ಬಿಲ್ಲಿಂಗ್ ಸಾಫ್ಟ್‌ವೇರ್ ವಿಷಯಕ್ಕೆ. ಒಂದು ನಿಮಿಷ ಇದ್ಯಾ, ಗಿರಾಕಿ ಇದ್ರೆ ಆಮೇಲೆ ಮಾಡ್ತೀನಿ." ಒಪ್ಪಿದರೆ, "ಜಿಎಸ್‌ಟಿ ರಿಟರ್ನ್‌ಗೆ ಬಿಲ್‌ಗಳನ್ನ ಆಡಿಟರ್‌ಗೆ ಹೇಗೆ ಕೊಡ್ತೀರಿ ಸರ್, ಬಿಲ್ ಬುಕ್ಕಾ, ಎಕ್ಸೆಲ್ಲಾ?" ಇಷ್ಟು ಕೇಳಿ ಸುಮ್ಮನಿರಿ. ಹೊಸಬರು ಇಲ್ಲೇ ಎಡವೋದು: ಅವರು ಯೋಚಿಸ್ತಿರೋವಾಗಲೇ ಫೀಚರ್‌ಗಳ ಪಟ್ಟಿ ಶುರು ಮಾಡ್ತಾರೆ.

"ವಾಟ್ಸಾಪ್‌ಗೆ ಕಳ್ಸಿ, ನೋಡ್ತೀನಿ" ಅನ್ನೋದು ಹೆಚ್ಚಿನ ಸಲ ಮರ್ಯಾದೆಯ 'ಬೇಡ'. ಹೌದೋ ಅಲ್ಲವೋ ತಿಳಿಯೋಕೆ, "ಕಳಿಸ್ತೀನಿ ಸರ್. ಬಿಲ್ಲಿಂಗ್ ನೋಡ್ಬೇಕಾ, ಸ್ಟಾಕಾ? ಗುರುವಾರ ಮೂರಕ್ಕೆ ಫೋನ್ ಮಾಡ್ಲಾ?" ಅನ್ನಿ. ಎರಡಕ್ಕೂ ಉತ್ತರ ಬಂದರೆ ಲೀಡ್ ಜೀವಂತ. "ಬೇಡ" ಅಂತ ನೇರ ಹೇಳಿದವರಿಗೆ ಮತ್ತೆ ಮಾಡಬೇಡಿ. ತಿಂಗಳ 11 (ಜಿಎಸ್‌ಟಿಆರ್-1) ಮತ್ತು 20ರ (ಜಿಎಸ್‌ಟಿಆರ್-3ಬಿ) ಹಿಂದಿನ ಎರಡು ದಿನ ಲೆಕ್ಕ ನೋಡೋರಿಗೆ ಪುರುಸೊತ್ತಿರಲ್ಲ, ಆಗ ಕರೆ ಬೇಡ.

ಶೀಟ್‌ಗೆ ಆರು ಕಾಲಂ ಸಾಕು: ಅಂಗಡಿ, ಮಾತಾಡಿದವರು, ಫೋನ್, ಸ್ಥಿತಿ, ಅವರು ಹೇಳಿದ್ದು, ಮುಂದಿನ ಕರೆ. 'ಅವರು ಹೇಳಿದ್ದು' ಕಾಲಂನಲ್ಲಿ "ಇಂಟರೆಸ್ಟ್ ಇದೆ" ಅಂತ ಬರೆದರೆ ವಾರದ ನಂತರ ನಿಮಗೇ ಏನೂ ಅರ್ಥ ಆಗಲ್ಲ. "ಕೈಬಿಲ್; ಆಡಿಟರ್ ತಪ್ಪು ಹುಡುಕಿ ವಾಪಸ್ ಕಳಿಸ್ತಾರೆ; ತೀರ್ಮಾನ ಮಗನದ್ದು" ಅಂತಿದ್ದರೆ ಮುಂದಿನ ಕರೆಯ ಮೊದಲ ವಾಕ್ಯವೇ ಸಿದ್ಧ, ಮಗನನ್ನೇ ಕೇಳಬೇಕು ಅಂತಲೂ ಗೊತ್ತು. ಫೋನ್ ಕಾಲಂಗೆ Plain text ಫಾರ್ಮ್ಯಾಟ್ ಕೊಡಿ, ಇಲ್ಲದಿದ್ದರೆ ಲ್ಯಾಂಡ್‌ಲೈನ್ ನಂಬರ್‌ನ ಮುಂದಿನ ಸೊನ್ನೆ ಹಾರಿಹೋಗುತ್ತೆ.

ಈ ಶೀಟ್‌ನ ಟ್ಯಾಬ್‌ಗೆ Leads ಅಂತ ಹೆಸರಿಟ್ಟು, ಇನ್ನೊಂದು ಟ್ಯಾಬ್‌ನಲ್ಲಿ ಇದನ್ನ ಹಾಕಿ:

```
=FILTER(Leads!A2:F, Leads!F2:F<>"", Leads!F2:F<=TODAY())
```

ಇವತ್ತು ಮಾಡಬೇಕಾದ ಕರೆಗಳು, ಹಿಂದೆ ತಪ್ಪಿಹೋದವು, ಎರಡೂ ಅಲ್ಲಿ ಬರುತ್ತವೆ. ಯಾವುದೂ ಇಲ್ಲದಿದ್ದರೆ #N/A ತೋರಿಸುತ್ತೆ, ಗಾಬರಿ ಬೇಡ. ಬೇಡ ಅಂದವರ ಸಾಲಲ್ಲಿ F ಖಾಲಿ ಬಿಡಿ.

ದಿನಾಂಕದ ವಿಷಯದಲ್ಲಿ ಮಾತ್ರ ಎಚ್ಚರ. File > Settings ನಲ್ಲಿ Locale ಅಮೆರಿಕದ್ದಾಗಿದ್ದರೆ 5/6 ಅನ್ನೋದು ಮೇ 6 ಆಗುತ್ತೆ. 13/6 ದಿನಾಂಕವೇ ಆಗದೆ ಬರೀ ಪಠ್ಯವಾಗಿ ಉಳಿದು, ಆ ಲೀಡ್ ಫಿಲ್ಟರ್‌ನಲ್ಲಿ ಬರೋದೇ ಇಲ್ಲ, ಎರರ್ ಕೂಡ ತೋರಿಸಲ್ಲ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡಿರೋ ದಿನಾಂಕ ಕಂಡರೆ ಇದೇ ಕಾರಣ. ಮೊದಲು Locale ಅನ್ನ India ಮಾಡಿ, ಆಮೇಲೆ ಅಂಥ ದಿನಾಂಕಗಳನ್ನ ಮತ್ತೆ ಟೈಪ್ ಮಾಡಿ.