‘ಅಕ್ಕ, ಹೆಲ್ಪ್’ ಅಂತಷ್ಟೇ ಬಂದಾಗ

ಪ್ರಶ್ನೆ: ಚಿಕ್ಕಮ್ಮನ ಮಗಳು ಮೈಸೂರಿನಲ್ಲಿ ಹಾಸ್ಟೆಲಲ್ಲಿದ್ದು ಓದುತ್ತಿದ್ದಾಳೆ. ಮೊನ್ನೆ ರಾತ್ರಿ ‘ಅಕ್ಕ, ಹೆಲ್ಪ್’ ಅಂತಷ್ಟೇ ಮೆಸೇಜ್ ಹಾಕಿದಳು. ಗಾಬರಿಯಾಗಿ ಮೇಲಿಂದ ಮೇಲೆ ಫೋನ್ ಮಾಡಿದೆ, ಎತ್ತಲಿಲ್ಲ. ಬೆಳಿಗ್ಗೆ ‘ಏನಿಲ್ಲ ಅಕ್ಕ, ಸುಮ್ನೆ’ ಅಂದಳು. ನಾನೇನು ಮಾಡಬೇಕಿತ್ತು?

ಉತ್ತರ: ನಿಮ್ಮ ಗಾಬರಿ ಸಹಜ. ಆದರೆ ಹಾಸ್ಟೆಲ್ ರೂಮಿನಲ್ಲಿ ಇನ್ನಿಬ್ಬರು ಮಲಗಿರುತ್ತಾರೆ. ಅಥವಾ ಅವಳು ಅಳುತ್ತಾ ಕೂತಿರಬಹುದು, ಹೆದರಿಸುವವರೇ ಪಕ್ಕದಲ್ಲಿರಬಹುದು. ಅಂಥ ಹೊತ್ತಲ್ಲಿ ಫೋನ್ ಎತ್ತೋದು ಕಷ್ಟ, ಟೈಪ್ ಮಾಡೋದು ಸುಲಭ. ಹಾಗಾಗಿ ಮೊದಲು ಬರೆದೇ ಉತ್ತರ ಕೊಡಿ: ‘ಇಲ್ಲೇ ಇದ್ದೀನಿ ಪುಟ್ಟಿ, ಫೋನ್ ಕೈಯಲ್ಲೇ ಇದೆ. ಈಗ ಸೇಫಾಗಿದ್ದೀಯಾ? ಹೂಂ ಅಥವಾ ಇಲ್ಲ ಅಂತ ಹಾಕು, ಸಾಕು.’

ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ಏನಾಯ್ತು? ಎಲ್ಲಿದ್ದೀಯಾ? ಯಾರು ಏನಂದ್ರು?’ ಅಂತ ಸಾಲಾಗಿ ಕೇಳಿದರೆ ಯಾವುದಕ್ಕೆ ಉತ್ತರ ಕೊಡಬೇಕೋ ಗೊತ್ತಾಗದೆ ಅವಳು ‘ಏನಿಲ್ಲ’ ಅಂದುಬಿಡುತ್ತಾಳೆ.

‘ಇಲ್ಲ’ ಅಂತ ಬಂದರೆ ಎಲ್ಲಿದ್ದಾಳೆ ಅಂತ ಮಾತ್ರ ಕೇಳಿ, 112ಕ್ಕೆ ನೀವೇ ಫೋನ್ ಮಾಡಿ. ಅವಳು ಮೈಸೂರಿನಲ್ಲಿದ್ದಾಳೆ ಅನ್ನೋದನ್ನು ಮೊದಲೇ ಹೇಳಿ. ಉತ್ತರವೇ ಬರದಿದ್ದರೆ ವಾರ್ಡನ್‌ಗೋ ರೂಮ್‌ಮೇಟ್‌ಗೋ ಹೇಳಿ, ಹೋಗಿ ನೋಡಲು ಕೇಳಿ. ಆ ನಂಬರುಗಳನ್ನು ಇವತ್ತೇ ತೆಗೆದಿಟ್ಟುಕೊಳ್ಳಿ.

‘ಹೂಂ’ ಅಂದರೆ ಅವಸರ ಬೇಡ. ‘ಎಲ್ಲಿಂದ ಬೇಕಾದರೂ ಶುರು ಮಾಡು, ಅರ್ಧಂಬರ್ಧ ಬರೆದರೂ ಪರವಾಗಿಲ್ಲ’ ಅಂತ ಹಾಕಿ. ಪರದೆ ಮೇಲೆ ಟೈಪಿಂಗ್ ಅಂತ ಕಾಣಿಸಿ, ಮಾಯವಾಗಿ, ಮತ್ತೆ ಕಾಣಿಸುತ್ತೆ. ಬರೆದು ಅಳಿಸುತ್ತಿದ್ದಾಳೆ ಅಂತ ಅರ್ಥ. ಆಗ ನಡುವೆ ಬಾಯಿ ಹಾಕಬೇಡಿ. ‘ಯಾಕೆ ಹೀಗ್ಮಾಡ್ದೆ’ ಅನ್ನೋ ಪ್ರಶ್ನೆಯಂತೂ ಬೇಡವೇ ಬೇಡ. ‘ಆಮೇಲೆ ಏನಾಯ್ತು’ ಅಂದರೆ ತಾನಾಗಿ ಹೇಳುತ್ತಾಳೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ‘ನಿನ್ನನ್ನ ಕೇಳದೆ ಸುಮ್‌ಸುಮ್ನೆ ಯಾರಿಗೂ ಹೇಳಲ್ಲ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಹೇಳ್ತೀನಿ’ ಅನ್ನಿ.

‘ಸಾಕಾಗಿದೆ’, ‘ನಾನಿಲ್ಲದಿದ್ರೇನೇ ಒಳ್ಳೇದು’ ಅನ್ನೋ ಥರದ ಮಾತು ಬಂದರೆ ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವಳನ್ನು ಒಂಟಿಯಾಗಿ ಬಿಡದಂತೆ ನೋಡಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ ಇರುತ್ತದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಮಾಡಲಿ ಅಂತ ಕೇಳಲು ನೀವೂ ಫೋನ್ ಮಾಡಬಹುದು.

ಮೊನ್ನೆಯದು ಮುಗಿಯಿತು ಅಂದುಕೊಳ್ಳಬೇಡಿ. ಇವತ್ತು ಸಂಜೆ ಹೀಗೆ ಬರೆಯಿರಿ: ‘ಆವತ್ತು ಹೆಲ್ಪ್ ಅಂದಿದ್ದು ಮನಸ್ಸಲ್ಲೇ ಉಳಿದಿದೆ. ಒಂದೇ ಸಮನೆ ಫೋನ್ ಮಾಡಿ ಗಾಬರಿ ಮಾಡಿದೆ ಅನ್ಸುತ್ತೆ. ಭಾನುವಾರ ಬರ್ಲಾ? ಊಟಕ್ಕೆ ಹೋಗೋಣ.’