ಸಹೋದ್ಯೋಗಿ ಮಂಕಾಗಿದ್ದಾರೆ ಅನಿಸಿದಾಗ ಮಾತು ತೆಗೆಯೋದು ಹೇಗೆ?

ಪ್ರಶ್ನೆ: ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಆಫೀಸಲ್ಲಿ ಕೆಲಸ ಮಾಡ್ತೀನಿ. ಸುಮಾರು 20 ಜನ ಸ್ಟಾಫ್. ಜೊತೆಯಲ್ಲಿ ಕೆಲಸ ಮಾಡೋರ ಮನಸ್ಸು ಸರಿ ಇಲ್ಲ ಅಂತ ಗುರುತಿಸೋದು, ಅವರನ್ನ ಮಾತಾಡಿಸೋದು ಹೇಗೆ ಅಂತ 15 ನಿಮಿಷ ಮಾತಾಡು ಅಂತ ಮ್ಯಾನೇಜರ್ ನನಗೆ ಹೇಳಿದಾರೆ. ನಾನು ಡಾಕ್ಟರ್ ಅಲ್ಲ. ಏನು ಹೇಳಲಿ?

ಉತ್ತರ:

ನಾನು ಇದೇ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಬ್ಯಾಂಕು, ಸೊಸೈಟಿ, ಶಾಲೆಗಳಲ್ಲಿ ಇಂಥ ಮಾತು ಆಡುವುದು ನನ್ನ ಕೆಲಸದ ಒಂದು ಭಾಗ. ನೀವು ಡಾಕ್ಟರ್ ಅಲ್ಲ ಅನ್ನೋದೇ ಇಲ್ಲಿ ಒಳ್ಳೆಯದು. ಡಾಕ್ಟರ್ ಬಂದರೆ ಜನ ಕಾಯಿಲೆಯ ಲಕ್ಷಣ ಕೇಳುತ್ತಾರೆ. ಮನೆಗೆ ಹೋಗಿ ಆ ಪಟ್ಟಿಯನ್ನು ತಮಗೇ ಹೋಲಿಸಿಕೊಂಡು ಕೂರುತ್ತಾರೆ. ಪಕ್ಕದ ಟೇಬಲ್ಲಿನವರ ಜೊತೆ ಆಡಬೇಕಾದ ಮಾತು ಮಾತ್ರ ಆಡದೆಯೇ ಉಳಿಯುತ್ತದೆ.

ಆದ್ದರಿಂದ ಅಂಕಿ ಅಂಶ, ಸ್ಲೈಡ್ ಎಲ್ಲ ಬಿಡಿ. 15 ನಿಮಿಷದಲ್ಲಿ ಕಲಿಸೋಕೆ ಆಗೋದು ಒಂದೇ: ಮೊದಲ ಮಾತು ಹೇಗೆ ತೆಗೆಯಬೇಕು ಅನ್ನೋದು. ಅದನ್ನು ಒಂದು ಉದಾಹರಣೆ ಇಟ್ಟುಕೊಂಡು ಹೇಳಿ. ಒಂದು ಎಚ್ಚರ ಇರಲಿ. ಉದಾಹರಣೆ ನಿಮ್ಮ ಆಫೀಸಿನ ಯಾರನ್ನೂ ಹೋಲಬಾರದು. ನೀವು ಹೆಸರು ಬದಲಾಯಿಸಿದರೂ 20 ಜನರ ಆಫೀಸಲ್ಲಿ ಎಲ್ಲರ ಕಣ್ಣೂ ಒಬ್ಬರ ಕಡೆಗೇ ಹೋಗುತ್ತದೆ. ನಾನು ಕ್ಯೂರಿಂಗ್ ವರ್ಕ್ಸಿಗೆ ಹೋದರೆ ಸೊಸೈಟಿ ಕ್ಯಾಷಿಯರ್ ಕಥೆ ಹೇಳುತ್ತೇನೆ, ಸೊಸೈಟಿಗೆ ಹೋದರೆ ಶಾಲೆ ಗುಮಾಸ್ತರ ಕಥೆ. ನಿಮಗೆ ಈ ಕ್ಯಾಷಿಯರ್ ಕಥೆ ಆಗುತ್ತದೆ. ಇದು ನಾನೇ ಕಟ್ಟಿದ್ದು.

ಮಂಜಣ್ಣ ಅಂತ ಇಟ್ಟುಕೊಳ್ಳಿ. ಆಲೂರಿಂದ ದಿನಾ ಬಸ್ಸಲ್ಲಿ ಬರುತ್ತಾರೆ. ಸಂಜೆ ಕ್ಯಾಷ್ ಮುಚ್ಚುವುದರಲ್ಲಿ ಪಕ್ಕಾ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಹುಡುಕಿಯೇ ಏಳುತ್ತಾರೆ. ಬಾಯಿ ಸ್ವಲ್ಪ ಜಾಸ್ತಿ, ಟೀ ಟೈಮಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಮಾತಿಲ್ಲ. ಈಗ ಎರಡು ಮೂರು ವಾರದಿಂದ ಟೀಗೆ ಬರುತ್ತಿಲ್ಲ. ಒಂದೇ ಕಟ್ಟನ್ನು ಮೂರು ಸಲ ಎಣಿಸುತ್ತಾರೆ. ಸೋಮವಾರ ರಜೆ ಹಾಕುವುದು ಶುರುವಾಗಿದೆ. ಮೊನ್ನೆ ಅಟೆಂಡರ್ ಹುಡುಗ ವೋಚರ್ ತಂದಿಡೋದು ತಡ ಮಾಡಿದ್ದಕ್ಕೆ ರೇಗಿದರು. ಇಷ್ಟು ವರ್ಷದಲ್ಲಿ ಯಾವತ್ತೂ ಆ ಹುಡುಗನಿಗೆ ದನಿ ಎತ್ತಿದವರಲ್ಲ.

ಇದರಲ್ಲಿ ಯಾವುದೇ ಒಂದನ್ನು ಬಿಡಿಯಾಗಿ ತೆಗೆದುಕೊಂಡರೆ ಏನೂ ಅಲ್ಲ. ಟೀ ಬಿಟ್ಟಿರಬಹುದು, ಶುಗರ್ ಬಂದಿರಬಹುದು. ನೋಡಬೇಕಾದ್ದು ಎರಡೇ. ಒಂದು, ಆ ಮನುಷ್ಯ ತನ್ನ ಹಿಂದಿನ ರೀತಿಗಿಂತ ಬದಲಾಗಿದ್ದಾನಾ ಅನ್ನೋದು. ಬೇರೆಯವರ ಜೊತೆ ಹೋಲಿಸಬೇಡಿ. ಕೆಲವರು ಹುಟ್ಟಾ ಮೌನಿಗಳು, ಅವರು ಸುಮ್ನಿದ್ದರೆ ಚೆನ್ನಾಗಿದ್ದಾರೆ ಅಂತಲೇ ಅರ್ಥ. ಅಂಥವರು ಇದ್ದಕ್ಕಿದ್ದಂತೆ ಅತಿಯಾಗಿ ನಗುನಗುತ್ತಾ ಓಡಾಡಿದರೆ ಗಮನಿಸಿ. ಎರಡು, ಅದು ಎಷ್ಟು ದಿನದಿಂದ ಇದೆ ಅನ್ನೋದು. ಖಿನ್ನತೆ ಅಂತ ವೈದ್ಯರು ಹೇಳಬೇಕಾದರೂ ಕನಿಷ್ಠ ಎರಡು ವಾರ, ಹೆಚ್ಚು ಕಡಿಮೆ ದಿನವಿಡೀ ಹಾಗೇ ಇದೆಯಾ ಅಂತ ನೋಡುತ್ತಾರೆ. ನೀವು ಕಾಯಿಲೆಗೆ ಹೆಸರಿಡಬೇಕಿಲ್ಲ. ಎರಡು ವಾರ ದಾಟಿದರೆ ಮಾತಾಡಿಸಿ, ಅಷ್ಟೇ. ಮನೆಯಲ್ಲಿ ಸಾವು, ಸಾಲದ ನೋಟಿಸು ಇಂಥದ್ದು ಗೊತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ.

ಇನ್ನು ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಎಲ್ಲರ ಮುಂದೆ ಯಾರೋ ಒಬ್ಬರು, 'ಯಾಕ್ ಮಂಜಣ್ಣ, ಮುಖ ಸಪ್ಪಗಿದೆ? ಮನೇಲಿ ಜಗಳಾನಾ?' ಅನ್ನುತ್ತಾರೆ. ನಾಲ್ಕು ಜನ ನಗುತ್ತಾರೆ. ಮಂಜಣ್ಣನೂ ನಗುತ್ತಾರೆ. 'ಏನಿಲ್ಲ, ತಲೆನೋವು' ಅನ್ನುತ್ತಾರೆ. ಅಲ್ಲಿಗೆ ಬಾಗಿಲು ಹಾಕಿತು. ಕೇಳಿದವರಿಗೆ ಕೇಳಿದೆ ಅನ್ನೋ ಸಮಾಧಾನ, ಅಷ್ಟೇ.

ಇದನ್ನು ನಿಮ್ಮ ಸ್ಟಾಫಿನ ಮುಂದೆ ಒಬ್ಬರನ್ನು ಕರೆದು ಆಡಿ ತೋರಿಸಿ. ಆಮೇಲೆ ಹೀಗೆ ಆಡಿ ತೋರಿಸಿ:

'ಮಂಜಣ್ಣ, ಎರಡು ವಾರದಿಂದ ನೀವು ಟೀಗೆ ಬರ್ತಿಲ್ಲ. ಮೊನ್ನೆ ಕ್ಯಾಷ್ ಮುಚ್ಚಿದ ಮೇಲೂ ಬಹಳ ಹೊತ್ತು ಹಾಗೇ ಕೂತಿದ್ರಿ. ಕೆಲಸದ ವಿಷಯಕ್ಕೆ ಕೇಳ್ತಿಲ್ಲ. ನೀವು ಹೇಗಿದೀರಾ?'

ಕಣ್ಣಾರೆ ಕಂಡ ಎರಡು ಸಂಗತಿ, ಕೆಲಸದ ತಪ್ಪು ಹಿಡಿಯೋಕೆ ಬಂದಿಲ್ಲ ಅನ್ನೋ ಭರವಸೆ, ಆಮೇಲೆ ಒಂದು ಪ್ರಶ್ನೆ. ಇಷ್ಟೇ ಇದರಲ್ಲಿರೋದು. 'ನೀವು ಡಿಪ್ರೆಶನ್ನಲ್ಲಿದೀರಾ ಅನ್ಸುತ್ತೆ' ಅಂದರೆ ಅವರು ಅಲ್ಲ ಅಂತ ವಾದ ಮಾಡಬಹುದು. 'ಟೀಗೆ ಬರ್ತಿಲ್ಲ' ಅನ್ನೋದಕ್ಕೆ ವಾದ ಇಲ್ಲ. ಅದು ನಡೆದದ್ದು. ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಅಂತಲೂ ಅವರಿಗೆ ಗೊತ್ತಾಗುತ್ತದೆ. ಕಾರಣ ಮಾತ್ರ ನೀವು ಊಹಿಸಬೇಡಿ.

ಜಾಗ, ಹೊತ್ತು ಇವೆರಡರಲ್ಲೇ ಅರ್ಧ ಕೆಲಸ ಆಗುತ್ತದೆ. ಎದುರುಬದುರು ಟೇಬಲ್ ಹಾಕಿಕೊಂಡು ಕೂತರೆ ಅದು ವಿಚಾರಣೆ. ಟೀ ಅಂಗಡಿಗೆ ನಡೆದು ಹೋಗುವಾಗ, ಬೈಕ್ ಸ್ಟ್ಯಾಂಡಿನ ಹತ್ತಿರ ಪಕ್ಕಪಕ್ಕ ನಿಂತಾಗ ಕೇಳಿದರೆ ಮುಖ ನೋಡದೆ ಮಾತಾಡಬಹುದು. ಗಂಡಸರಿಗೆ ಇದು ಇನ್ನೂ ಸುಲಭ. ಸಂಜೆ ಐದೂವರೆಗೆ ಮಾತ್ರ ಕೇಳಬೇಡಿ. ಆಲೂರು, ಬೇಲೂರು ಕಡೆಯವರ ಕಣ್ಣು ಬಸ್ಸಿನ ಮೇಲಿರುತ್ತದೆ. ವಾಟ್ಸಾಪಿನಲ್ಲಂತೂ ಬೇಡವೇ ಬೇಡ.

ಮೊದಲ ಸಲ 'ಏನಿಲ್ಲ' ಅನ್ನೋ ಉತ್ತರವೇ ಬರುವುದು ಹೆಚ್ಚು. ಅದನ್ನು ಮೊದಲೇ ಸ್ಟಾಫಿಗೆ ಹೇಳಿಬಿಡಿ, ಇಲ್ಲದಿದ್ದರೆ ಸೋತೆವು ಅಂದುಕೊಳ್ಳುತ್ತಾರೆ. ಒತ್ತಾಯ ಬೇಡ. 'ಸರಿ, ಹೇಳ್ಲೇಬೇಕು ಅಂತಲ್ಲ. ಗುರುವಾರ ಟೀಗೆ ಕರೀತೀನಿ, ಬನ್ನಿ' ಅಂತ ಬಿಡಿ. ಗುರುವಾರ ಮರೆಯದೆ ಕರೆಯಿರಿ. ಎಷ್ಟೋ ಜನ ಬಾಯಿ ಬಿಡೋದು ಎರಡನೇ ಸಲ ಕೇಳಿದಾಗ.

ಬಾಯಿ ಬಿಟ್ಟರೂ ನಮ್ಮ ಕಡೆ ಜನ 'ಮನಸ್ಸಿಗೆ ಬೇಜಾರು' ಅಂತ ನೇರವಾಗಿ ಶುರು ಮಾಡುವುದು ಕಡಿಮೆ. ಎದೆ ಭಾರ, ತಲೆ ಬಿಸಿ, ಮೈಕೈ ಸೋಲು, ನಿದ್ದೆ ಇಲ್ಲ ಅಂತ ಮೈಯ ಮಾತಲ್ಲೇ ಹೇಳುತ್ತಾರೆ. ಆ ದಾರಿಯಲ್ಲೇ ಹೋಗಿ. 'ನಿದ್ದೆ ಇಲ್ಲ ಅಂದ್ರಿ, ಎಷ್ಟು ದಿನದಿಂದ? ಮಲಗಿದ ತಕ್ಷಣ ಬರಲ್ವಾ, ಬೆಳಗಿನ ಜಾವ ಎಚ್ಚರ ಆಗುತ್ತಾ?' ಅಂತ ಕೇಳಿ. ನಿದ್ದೆ ಬಗ್ಗೆ ಮಾತಾಡೋಕೆ ಯಾರಿಗೂ ನಾಚಿಕೆ ಇಲ್ಲ. ಮೂರು ಗಂಟೆಗೆ ಎದ್ದು ಏನು ಯೋಚನೆ ಬರುತ್ತೆ ಅನ್ನೋ ಪ್ರಶ್ನೆಗೆ ನಿಜವಾದ ವಿಷಯ ಹೊರಗೆ ಬರುತ್ತದೆ.

ಆಗ ನಿಮ್ಮ ಬಾಯಿ ಸುಮ್ಮನಿರಲಿ. 'ನಮ್ಮ ಭಾವನಿಗೂ ಹೀಗೇ ಆಗಿತ್ತು', 'ಧರ್ಮಸ್ಥಳಕ್ಕೆ ಹೋಗಿ ಬನ್ನಿ', 'ಎಲ್ಲ ಸರಿ ಹೋಗುತ್ತೆ ಬಿಡಿ' ಇವೆಲ್ಲ ಒಳ್ಳೆ ಮನಸ್ಸಿಂದ ಬರುವ ಮಾತುಗಳೇ. ಆದರೆ ಅವರ ಮಾತನ್ನು ಅಲ್ಲಿಗೇ ನಿಲ್ಲಿಸುತ್ತವೆ. ಬದಲಿಗೆ ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ: 'ಮಗಳ ಫೀಸು, ಸಂಘದ ಸಾಲ ಎರಡೂ ಒಟ್ಟಿಗೆ ಬಂತು ಅಂತೀರಾ.' ಅವರು ಮುಂದುವರಿಸುತ್ತಾರೆ.

ಈಗ ಕಷ್ಟದ ಭಾಗ. ಇದನ್ನು ಬಿಟ್ಟರೆ ಮಾತು ಅರ್ಧ. 'ನಾನಿದ್ರೆಷ್ಟು, ಹೋದ್ರೆಷ್ಟು', 'ಎಲ್ಲರಿಗೂ ಭಾರ ಆಗಿದೀನಿ' ಅನ್ನೋ ಮಾತು ಬಂದರೆ ನೇರವಾಗಿ ಕೇಳಬೇಕು: 'ಸಾಯಬೇಕು ಅಂತ ಅನಿಸಿದ್ಯಾ?' ಜನ ಕೇಳೋದು ಹೇಗೆ ಗೊತ್ತಾ? 'ಹಾಗೆಲ್ಲ ಯೋಚನೆ ಮಾಡ್ತಿಲ್ಲ ತಾನೇ?' ಇದಕ್ಕೆ ಇಲ್ಲ ಅನ್ನೋದು ಬಿಟ್ಟು ಬೇರೆ ಉತ್ತರ ಕೊಡೋಕೆ ಆಗಲ್ಲ. ಕೇಳಿದರೆ ತಲೆಯಲ್ಲಿ ಇಲ್ಲದ್ದನ್ನು ಹಾಕಿದಂತೆ ಅಂತ ಹೆದರುತ್ತಾರೆ. ಈ ಬಗ್ಗೆ ಅಧ್ಯಯನಗಳಾಗಿವೆ, ಕೇಳುವುದರಿಂದ ಆ ಯೋಚನೆ ಹೆಚ್ಚಾಗುವುದು ಕಂಡುಬಂದಿಲ್ಲ. ಎಷ್ಟೋ ಸಲ ಭಾರ ಇಳಿದಂತಾಗುತ್ತದೆ.

ಹೌದು ಅಂದರೆ ಬೆಚ್ಚಬೇಡಿ, ಬುದ್ಧಿ ಹೇಳಬೇಡಿ. 'ಹೇಳಿದ್ದು ಒಳ್ಳೇದಾಯ್ತು' ಅನ್ನಿ. ಹೇಗೆ, ಯಾವಾಗ ಅಂತ ಏನಾದರೂ ತೀರ್ಮಾನ ಮಾಡಿಕೊಂಡಿದ್ದಾರಾ ಅಂತ ಕೇಳಿ. ಮಾಡಿಕೊಂಡಿದ್ದರೆ ಒಬ್ಬರನ್ನೇ ಬಿಡಬೇಡಿ. ಅವತ್ತು ಬಸ್ ಹತ್ತಿಸಿ ಕಳಿಸುವುದೂ ಬೇಡ. ಮನೆಯವರನ್ನು ಕರೆಸಿ, ಮನೆಯಲ್ಲಿ ಅಪಾಯದ ವಸ್ತುಗಳಿದ್ದರೆ ದೂರ ಇಡಲು ಹೇಳಿ, ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ತುರ್ತಾದರೆ 108 ಅಥವಾ 112. ಪೊಲೀಸ್ ಕೇಸ್ ಆಗುತ್ತೆ ಅಂತ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಪರಿಗಣಿಸುತ್ತದೆ, ಅವರಿಗೆ ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ ಅನ್ನುತ್ತದೆ. ಆ ಭಯಕ್ಕೆ ಯಾರೂ ತಡ ಮಾಡಬಾರದು.

ಇದಕ್ಕೇ 'ಯಾರಿಗೂ ಹೇಳಲ್ಲ, ಆಣೆ' ಅಂತ ಮೊದಲೇ ಮಾತು ಕೊಡಬೇಡಿ ಅನ್ನೋದು. 'ಆಫೀಸಲ್ಲಿ ಹರಡಲ್ಲ. ನಿಮ್ಮ ಜೀವಕ್ಕೆ ಅಪಾಯ ಅನ್ಸಿದ್ರೆ ಮಾತ್ರ ಬೇಕಾದವರಿಗೆ ಹೇಳ್ತೀನಿ' ಅನ್ನಿ. ಮೊದಲ ಅರ್ಧ ಉಳಿಸಿಕೊಳ್ಳಿ. ನೀವು ಕೇಳಿದ್ದು ಊಟದ ಹೊತ್ತಿಗೆ ಮೂರನೇ ಟೇಬಲ್ ತಲುಪಿದರೆ ಆ ಆಫೀಸಲ್ಲಿ ಇನ್ಯಾರೂ ಬಾಯಿ ಬಿಡಲ್ಲ.

ಅಷ್ಟು ತುರ್ತಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ, ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. 'ನೀವು ಫೋನ್ ಮಾಡಿ' ಅಂದರೆ ಅವರು ಮಾಡಲ್ಲ. 'ಈಗಲೇ ಮಾಡೋಣ, ನಾನು ಪಕ್ಕದಲ್ಲಿ ಕೂತಿರ್ತೀನಿ' ಅಂದರೆ ಮಾಡುತ್ತಾರೆ. ಆಸ್ಪತ್ರೆ ವಿಷಯವೂ ಹೀಗೇ. ಚೀಟಿ ಮಾಡಿಸೋಕೆ ಕ್ಯೂನಲ್ಲಿ ಜೊತೆಗೆ ನಿಲ್ಲುವವರು ಇದ್ದರೆ ಹೋಗುತ್ತಾರೆ.

ಮಾತಿನಿಂದ ಆಗದ್ದೂ ಇದೆ. ಇನ್ನೊಬ್ಬ ಕ್ಯಾಷಿಯರ್ ಜಾಗ ಖಾಲಿ ಬಿದ್ದು ಮಂಜಣ್ಣ ಇಬ್ಬರ ಕೆಲಸ ಮಾಡುತ್ತಿದ್ದರೆ ಟೀ ಕುಡಿಸಿ ಪ್ರಯೋಜನ ಇಲ್ಲ, ಇನ್ನೊಬ್ಬರನ್ನು ಹಾಕಬೇಕು. ನಿಮ್ಮ ಮ್ಯಾನೇಜರಿಗೆ ಇದನ್ನು ಮುಂಚೆಯೇ ಹೇಳಿಡಿ. ಹಾಗೇ, ಆ 15 ನಿಮಿಷ ಅವರು ರೂಮಲ್ಲಿ ಇರದಿದ್ದರೆ ಒಳ್ಳೆಯದು. ಅವರಿದ್ದರೆ ಜೋಡಿ ಜೋಡಿಯಾಗಿ ಮಂಜಣ್ಣನಿಗೆ ಹೇಳಿದ ಆ ನಾಲ್ಕು ಸಾಲು ಹೇಳಿ ಅಭ್ಯಾಸ ಮಾಡಿ ಅಂದಾಗ ಜನ ತಲೆ ತಗ್ಗಿಸುತ್ತಾರೆ. ಅಭ್ಯಾಸ ಬಿಡಬೇಡಿ. ಬಾಯಲ್ಲಿ ಒಂದು ಸಲ ಆಡಿದ ಮಾತು ಬೇಕಾದಾಗ ಬರುತ್ತದೆ. ತಮ್ಮ ಕಷ್ಟ ಹೇಳಿಕೊಳ್ಳಿ ಅಂತ ಮಾತ್ರ ಯಾರನ್ನೂ ಎಬ್ಬಿಸಬೇಡಿ.

14416 ಅನ್ನು ನೋಟಿಸ್ ಬೋರ್ಡಿಗೆ ಹಾಕಿ ಸುಮ್ಮನಾಗಬೇಡಿ. ಅಲ್ಲಿ ನಿಂತು ಯಾರೂ ಬರೆದುಕೊಳ್ಳಲ್ಲ, ನೋಡಿದವರು ಏನಂದುಕೊಳ್ಳುತ್ತಾರೋ ಅಂತ. ಟಾಯ್ಲೆಟ್ ಬಾಗಿಲಿನ ಒಳಬದಿಗೆ ಅಂಟಿಸಿ.