78 ಬಂದಿದೆ, ಎಸ್ ಗ್ರೇಡ್ ಸಿಗುತ್ತಾ?

ನಮ್ಮ ಕ್ಲಾಸಲ್ಲಿ 60 ಜನ. ಸರಾಸರಿ 56, ಸ್ಟ್ಯಾಂಡರ್ಡ್ ಡಿವಿಯೇಷನ್ (ಎಸ್‌ಡಿ) 17.8 ಅಂತ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಎಸ್ ಗ್ರೇಡಿಗೆ ಸರಾಸರಿ + 1.5 ಎಸ್‌ಡಿ ಬೇಕಂತೆ. ನನಗೆ 78. ಎಸ್ ಸಿಗುತ್ತಾ? – ವಿದ್ಯಾರ್ಥಿನಿ, ಮಂಡ್ಯ

ಪ್ರತಿ ಸೆಮಿಸ್ಟರ್ ಮುಗಿದಾಗಲೂ ಇದೇ ಪ್ರಶ್ನೆ ಬರುತ್ತದೆ. ಆ 56ರಲ್ಲಿ ಯಾರ್ಯಾರ ಅಂಕ ಸೇರಿದೆ ಅಂತ ಮಾತ್ರ ಯಾರೂ ವಿಚಾರಿಸಿರುವುದಿಲ್ಲ.

ಬೋರ್ಡಿನ ಲೆಕ್ಕದಲ್ಲೇ ಹೋದರೆ ಕಟಾಫ್ 82.7. ನಿಮಗೆ ಎ ಗ್ರೇಡ್. ಆದರೆ ಈ 17.8 ನನಗೆ ಅನುಮಾನ ತರಿಸುತ್ತದೆ. ಪಕ್ಕದ ಬೆಂಚಿನವರನ್ನೆಲ್ಲ ಕೇಳಿ ನೋಡಿ. ಹೆಚ್ಚಿನವರು 50ರಿಂದ 70ರ ಒಳಗೇ ಇದ್ದರೆ ಎಸ್‌ಡಿ ಇಷ್ಟು ದೊಡ್ಡದಾಗುವುದು ಕಷ್ಟ. ಪರೀಕ್ಷೆಗೇ ಬಾರದ ನಾಲ್ವರಿಗೆ ಸೊನ್ನೆ ಹಾಕಿ ಪಟ್ಟಿಯಲ್ಲಿ ಸೇರಿಸಿದ್ದಾರೆ ಅಂದುಕೊಳ್ಳಿ. ಅವರನ್ನು ತೆಗೆದು ನೋಡೋಣ.

ಒಟ್ಟು ಅಂಕ 60 × 56 = 3360. ಇದನ್ನು 56 ಜನಕ್ಕೆ ಹಂಚಿದರೆ ಸರಾಸರಿ 60 ಆಗುತ್ತದೆ. ಎಸ್‌ಡಿಗೆ ಅಂಕಗಳ ವರ್ಗಗಳ ಮೊತ್ತ ಬೇಕು. ಅದು 60 × (17.8² + 56²), ಸುಮಾರು 2,07,170. ಸೊನ್ನೆಯ ವರ್ಗವೂ ಸೊನ್ನೆಯೇ, ಹಾಗಾಗಿ ನಾಲ್ವರನ್ನು ತೆಗೆದರೂ ಈ ಮೊತ್ತ ಬದಲಾಗುವುದಿಲ್ಲ. ಇದನ್ನು 56ರಿಂದ ಭಾಗಿಸಿ, 60ರ ವರ್ಗ 3600 ಕಳೆದರೆ ಉಳಿಯುವುದು ಹೆಚ್ಚುಕಮ್ಮಿ 100. ಅದರ ವರ್ಗಮೂಲ 10. ಅಂದರೆ ಎಸ್ ಕಟಾಫ್ 60 + 15 = 75. ನಿಮ್ಮ 78ಕ್ಕೆ ಎಸ್ ಬಂತು!

ತಮಾಷೆ ಏನೆಂದರೆ, ಎ ಗ್ರೇಡಿನ ಕಟಾಫ್ ಸರಾಸರಿ + 0.5 ಎಸ್‌ಡಿ ಇದ್ದರೆ ಅದು ಅಲುಗಾಡುವುದೇ ಇಲ್ಲ: ಮೊದಲು 64.9, ಈಗ 65. ಸರಾಸರಿ ಏರಿದಷ್ಟೇ ಎಸ್‌ಡಿಯ ಪಾಲು ಇಳಿಯಿತು. ಸೊನ್ನೆಗಳ ಪೆಟ್ಟು ಬೀಳುವುದು ತುದಿಯಲ್ಲಿರುವವರಿಗೆ. ಅದಕ್ಕೇ ಕ್ಲಾಸಿನಲ್ಲಿ ಯಾರೂ ಗಲಾಟೆ ಮಾಡುವುದಿಲ್ಲ.

ಆದ್ದರಿಂದ ಗ್ರೇಡ್ ಬಗ್ಗೆ ಕೇಳಬೇಡಿ. "ಗೈರಾದವರನ್ನು ಸರಾಸರಿಗೆ ಸೇರಿಸಿದ್ದೀರಾ ಸರ್?" ಅಂತ ಕೇಳಿ. ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ಉತ್ತರ ಸಿಗುವವರೆಗೂ ಮನೆಯಲ್ಲಿ ಎ ಅಂತಲೇ ಹೇಳಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಇಂಟರ್ನಲ್ಸ್ ಎಸ್‌ಡಿ 6, ಫೈನಲ್ ಎಸ್‌ಡಿ 8. ಒಟ್ಟು 14 ಅಲ್ವಾ? – ಮೈಸೂರು

ಅಲ್ಲ. ಸರಾಸರಿ ಕೂಡಬಹುದು, ಎಸ್‌ಡಿ ಹಾಗೆ ಕೂಡುವಂತಿಲ್ಲ. ಎರಡರ ಅಂಕಕ್ಕೂ ಸಂಬಂಧವೇ ಇಲ್ಲದಿದ್ದರೆ 10, ಪೂರಾ ಜೊತೆಜೊತೆಗೇ ಏರಿಳಿದರೆ 14. ನಿಮ್ಮದು ನಡುವೆ ಎಲ್ಲೋ ಇರುತ್ತದೆ.

ಟ್ಯೂಷನ್‌ನವರು ದುಡ್ಡು ತಗೊಂಡು ಕಟಾಫ್ ಮೊದಲೇ ಹೇಳ್ತಾರಂತೆ, ನಂಬಬಹುದಾ? – ಸರಸ್ವತಿಪುರಂ

ಫೈನಲ್ ಪೇಪರ್ ತಿದ್ದುವ ಮೊದಲೇ ಸರಾಸರಿ ಅವರಿಗೆ ಎಲ್ಲಿಂದ ಸಿಕ್ಕಿತು? ದುಡ್ಡು ವಾಪಸ್ ಕೇಳಿ.

ನಮ್ಮ ಎಲೆಕ್ಟಿವ್‌ನಲ್ಲಿ 9 ಜನ. ಇದೇ ಸೂತ್ರ ಹಾಕಬಹುದಾ? – ಮಂಡ್ಯ

ಬೇಡ. ಅಲ್ಲಿ ಒಬ್ಬನ ಅಂಕವೇ ಎಲ್ಲರ ಕಟಾಫ್ ಎಳೆದಾಡುತ್ತದೆ.